ಗೋಡೆಯ ಪಾಕೆಟ್ ತೋಟ: ಮೇಲಿನ ಸಾಲು ಒಣಗುತ್ತದೆ, ಕೆಳಗಿನದು ಕೊಳೆಯುತ್ತದೆ

ಕೇಳಿದವರು

ಬಾಲ್ಕನಿ ಗೋಡೆಗೆ ಫೆಲ್ಟ್ ಬಟ್ಟೆಯ ಪಾಕೆಟ್ ಹಾಳೆ ನೇತುಹಾಕಿದ್ದೇನೆ. ನಾಲ್ಕು ಸಾಲು, ಸಾಲಿಗೆ ಮೂರು ಪಾಕೆಟ್. ದಿನಾ ಬೆಳಿಗ್ಗೆ ಎಲ್ಲಕ್ಕೂ ಒಂದೊಂದು ಲೋಟ ನೀರು. ಎರಡೇ ತಿಂಗಳಲ್ಲಿ ಮೇಲಿನ ಸಾಲಿನ ಜರಿಗಿಡಗಳು ಸುಟ್ಟ ಹಾಗಾದವು. ಕೆಳಗಿನ ಸಾಲಿನ ಟೇಬಲ್ ರೋಸ್ ಬುಡ ಕೊಳೆತು ಹೋಯಿತು. ಎಲ್ಲಿ ತಪ್ಪುತ್ತಿದ್ದೇನೆ? ಯಾವ ಸಾಲಿಗೆ ಯಾವ ಗಿಡ ಹಾಕಬೇಕು?

ಮಣ್ಣುಕೈ

ಜರಿಗಿಡ ಕೆಳಗೆ, ಟೇಬಲ್ ರೋಸ್ ಮೇಲೆ ಇದ್ದಿದ್ದರೆ ಎರಡೂ ಬದುಕುತ್ತಿದ್ದವೇನೋ! ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೊದಲ ಸಲ ಹೀಗೇ ನೆಟ್ಟಿದ್ದೆ.

ಎಲ್ಲಕ್ಕೂ ಸಮ ನೀರು ಹಾಕಿದರೆ ಎಲ್ಲಕ್ಕೂ ಸಮ ಸಿಗುವುದಿಲ್ಲ. ನಿಮ್ಮ ಲೋಟ 200 ಮಿ.ಲೀ. ಅಂತಿಟ್ಟುಕೊಳ್ಳಿ. ಪ್ರತಿ ಪಾಕೆಟ್ಟೂ ತನಗೆ ಬಂದದ್ದರಲ್ಲಿ ಅರ್ಧ ಹಿಡಿದು ಅರ್ಧ ಕೆಳಗೆ ಬಿಟ್ಟರೆ, ಎರಡನೇ ಸಾಲಿಗೆ ಬರುವುದು 300. ಮೂರನೇ ಸಾಲಿಗೆ 350, ನಾಲ್ಕನೆಯದಕ್ಕೆ 375. ಕೊನೆಯ ಸಾಲಿಗೆ ಮೇಲಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಸುರಿದ ಹಾಗಾಯಿತು. ಅದೂ ಅಲ್ಲದೆ ಬಿಸಿಲು, ಗಾಳಿ ಜಾಸ್ತಿ ತಾಗುವುದು ಮೇಲಿನ ಸಾಲಿಗೇ. ಫೆಲ್ಟ್ ಬಟ್ಟೆ ತಾನೇ ನೀರು ಹೀರಿ ಕೆಳಕ್ಕೆ ಎಳೆಯುತ್ತದೆ, ಅದು ಬೇರೆ.

ಈ ಲೆಕ್ಕ ಬರೀ ಅಂದಾಜು. ನಿಮ್ಮದರಲ್ಲಿ ಎಷ್ಟು ಇಳಿಯುತ್ತದೆ ಅಂತ ತಿಳಿಯಲು ಒಂದು ದಿನ ಬರೀ ಮೇಲಿನ ಸಾಲಿಗೆ ನೀರು ಹಾಕಿ. ಇಪ್ಪತ್ತು ನಿಮಿಷ ಬಿಟ್ಟು ಪ್ರತಿ ಪಾಕೆಟ್ಟಿಗೆ ಎರಡು ಗೆಣ್ಣು ಆಳ ಬೆರಳಿಟ್ಟು ನೋಡಿ. ಎಲ್ಲಿಯವರೆಗೆ ತೇವ ಮುಟ್ಟಿದೆಯೋ ಅಲ್ಲಿಯವರೆಗೆ ನೀವು ಬೇರೆಯಾಗಿ ಹಾಕುವ ಅಗತ್ಯ ಕಡಿಮೆ.

ತಾರಸಿಯವರು

ಇಷ್ಟೆಲ್ಲ ಬೆರಳಿಟ್ಟು ನೋಡುವುದು ಯಾಕೆ? ಪ್ರತಿ ಪಾಕೆಟ್ಟಿಗೂ ಒಂದೊಂದು ಡ್ರಿಪ್ಪರ್ ಹಾಕಿ, ಟೈಮರ್ ಇಟ್ಟುಬಿಡಿ. ಸಮಸ್ಯೆ ಮುಗೀತು.

ಮಣ್ಣುಕೈ

ಡ್ರಿಪ್ ಒಳ್ಳೆಯದೇ. ಆದರೆ ಪ್ರತಿ ಪಾಕೆಟ್ಟಿಗೂ ಒಂದೊಂದು ಅಂದರೆ ಮತ್ತೆ ಅದೇ ಸಮ ಹಂಚಿಕೆ ಆಯಿತಲ್ವಾ? ನಲ್ಲಿ ಬಂದ್ ಆದ ಮೇಲೂ ಪೈಪಿನಲ್ಲಿ ಉಳಿದ ನೀರು ಕೆಳಗಿನ ಡ್ರಿಪ್ಪರ್‌ನಿಂದಲೇ ಸೋರುತ್ತದೆ. ಸ್ವಲ್ಪ ಮೇಲಿಟ್ಟ ಬಕೆಟ್ಟಿನಿಂದ ನೀರು ಬಿಡುತ್ತಿದ್ದರೆ ಇನ್ನೂ ಕಷ್ಟ. ಅಷ್ಟು ಕಡಿಮೆ ಒತ್ತಡದಲ್ಲಿ ನಾಲ್ಕೈದು ಅಡಿ ಎತ್ತರದ ವ್ಯತ್ಯಾಸವೂ ದೊಡ್ಡದು. ಕೆಳಗೆ ಧಾರಾಳ, ಮೇಲೆ ತೊಟ್ಟು. ಒತ್ತಡ ಸರಿದೂಗಿಸುವ ಡ್ರಿಪ್ಪರ್ ಸಿಗುತ್ತವೆ, ಆದರೆ ಅವು ಕೆಲಸ ಮಾಡಲು ಬಕೆಟ್ಟಿನ ಒತ್ತಡ ಸಾಲದು.

ನಾನು ಮೇಲಿನ ಸಾಲಿನ ಪಾಕೆಟ್ಟಿಗೆ ಎರಡೆರಡು, ಎರಡನೆಯದಕ್ಕೆ ಒಂದೊಂದು ಡ್ರಿಪ್ಪರ್ ಹಾಕಿದ್ದೇನೆ. ಮೂರು, ನಾಲ್ಕನೇ ಸಾಲಿಗೆ ಪೈಪೇ ಇಲ್ಲ. ಮೇಲಿಂದ ಇಳಿದದ್ದರಲ್ಲೇ ಬದುಕುತ್ತವೆ. ತೀರಾ ಸೆಖೆಯ ದಿನಗಳಲ್ಲಿ ಮೂರನೇ ಸಾಲಿಗೆ ಕೈಯಿಂದ ಸ್ವಲ್ಪ ಹಾಕುತ್ತೇನೆ, ಅಷ್ಟೆ.

ಜರಿಗಿಡದ ಹುಚ್ಚು

ನನ್ನ ಕಥೆ ಬೇರೆ. ಗೋಡೆಯ ಬಣ್ಣ ಉಬ್ಬಿ ಪಾಚಿ ಹಿಡಿಯಿತು. ಪಾಕೆಟ್ ಹಾಳೆಯನ್ನು ನೇರವಾಗಿ ಗೋಡೆಗೆ ಅಂಟಿಸಿದ ಹಾಗೆ ಹೊಡೆದಿದ್ದರು. ಈಗ ಹಿಂದೆ ಮರದ ಪಟ್ಟಿ ಕೊಟ್ಟು ಎರಡು ಬೆರಳು ಜಾಗ ಬಿಟ್ಟಿದ್ದೇವೆ. ನೀವೂ ಮೊದಲು ಗೋಡೆ ನೋಡಿ.

ಕೇಳಿದವರು

ಗೋಡೆ ಸದ್ಯಕ್ಕೆ ಸರಿಯಾಗೇ ಇದೆ, ಆದರೂ ಪಟ್ಟಿ ಕೊಡುತ್ತೇನೆ. ಮಣ್ಣುಕೈ ಅವರೇ, ನೀವು ಹೇಳಿದ ಪರೀಕ್ಷೆ ಮಾಡಿದೆ. ವಿಚಿತ್ರ ಏನೆಂದರೆ, ಮೇಲಿನ ಸಾಲಿಗೆ ನೀರು ಹಾಕಿದ ತಕ್ಷಣ ಕೆಳಗಿನಿಂದ ಜರ್ ಅಂತ ಇಳಿಯಿತು. ಆದರೆ ಬೆರಳಿಟ್ಟರೆ ಒಳಗೆ ಪುಡಿಪುಡಿ ಒಣ! ಎರಡನೇ ಸಾಲು ಪರವಾಗಿಲ್ಲ. ಮೂರು, ನಾಲ್ಕು ಒದ್ದೆ.

ಮಣ್ಣುಕೈ

ಹಾಗಾದರೆ ನಿಮ್ಮ ಮಿಶ್ರಣದಲ್ಲಿ ಕೋಕೋಪೀಟ್ ಜಾಸ್ತಿ ಇರಬೇಕು. ಅದು ಒಮ್ಮೆ ಪೂರ್ತಿ ಒಣಗಿದರೆ ಬೇಗ ನೀರು ಕುಡಿಯುವುದಿಲ್ಲ. ಒಣಗಿ ಕುಗ್ಗಿ, ಪಾಕೆಟ್ ಬದಿಯಲ್ಲಿ ಸಂದು ಬಿಡುತ್ತದೆ. ನೀರು ಆ ಸಂದಿನಲ್ಲೇ ಜಾರಿ ಕೆಳಗೆ ಹೋಗುತ್ತದೆ. ನೀವು ಎರಡು ಲೋಟ ಹಾಕಿದರೂ ಅದು ಕೆಳಗಿನ ಸಾಲಿನ ಪಾಲೇ.

ಮೊದಲು ಆ ಮೂರು ಪಾಕೆಟ್‌ನ ಬೇರುಗಡ್ಡೆ ಹೊರತೆಗೆದು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ಸೋರಲು ಬಿಟ್ಟು, ವಾಪಸ್ ಇಡಿ. ಸಂದಿಗೆ ಮಿಶ್ರಣ ತುಂಬಿಸಿ ಒತ್ತಿ. ಆಮೇಲೆ ಮೇಲಿನ ಸಾಲಿಗೆ ಒಂದೇ ಸಲಕ್ಕೆ ಸುರಿಯಬೇಡಿ. ಅರ್ಧ ಲೋಟ ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನರ್ಧ. ಮೊದಲಿನ ಅರ್ಧ ಮಣ್ಣನ್ನು ನೆನೆಸಿ ಸಂದು ಮುಚ್ಚುತ್ತದೆ, ಎರಡನೆಯದು ನಿಲ್ಲುತ್ತದೆ. ಎರಡನೇ ಸಾಲಿಗೆ ಅರ್ಧ ಲೋಟ ಸಾಕು. ಕೆಳಗಿನ ಎರಡಕ್ಕೆ ಬೆರಳಿಟ್ಟು ನೋಡಿದ ಮೇಲೆ ಮಾತ್ರ.

ಹಸಿರು ಅಜ್ಜಿ

ಗಿಡದ ವಿಷಯ ಯಾರೂ ಹೇಳಲಿಲ್ಲವಲ್ಲ. ಮೇಲಿನ ಸಾಲಿಗೆ ಟೇಬಲ್ ರೋಸ್, ಸೆಡಮ್, ದೊಡ್ಡಪತ್ರೆ. ಇವು ಎಲೆಯಲ್ಲೇ ನೀರಿಟ್ಟುಕೊಳ್ಳುತ್ತವೆ. ಮಧ್ಯದ ಎರಡು ಸಾಲಿಗೆ ಸ್ಪೈಡರ್ ಪ್ಲಾಂಟ್, ಸಿಂಗೋನಿಯಂ. ಕೆಳಗೆ ಜರಿಗಿಡ, ಪುದೀನ, ಒಂದೆಲಗ. ಒಂದೆಲಗಕ್ಕಂತೂ ಕಾಲು ಒದ್ದೆಯಿದ್ದರೇ ಖುಷಿ.

ಒಂದು ಮಾತು. ಚೆಂದ ಕಾಣುತ್ತದೆ ಅಂತ ಮನಿ ಪ್ಲಾಂಟನ್ನು ಮೇಲೆ ಇಡಬೇಡಿ ಮಗಾ. ಬಳ್ಳಿ ಇಳಿದು ಕೆಳಗಿನ ಸಾಲುಗಳ ಬೆಳಕು ಮುಚ್ಚುತ್ತದೆ. ಮೊದಲೇ ಒದ್ದೆ, ಮೇಲೆ ಕತ್ತಲು. ಕೊಳೆಯದೆ ಇನ್ನೇನಾಗುತ್ತದೆ?

ತಾರಸಿಯವರು

ಪುದೀನ ಕೆಳಗಿಟ್ಟಿದ್ದೆ. ಎಲೆ ತುದಿ ಕಂದು ಬಣ್ಣಕ್ಕೆ ತಿರುಗಿತು. ನೀರು ಜಾಸ್ತಿ ಅಂತ ಕಡಿಮೆ ಮಾಡಿದೆ, ಇನ್ನೂ ಜಾಸ್ತಿಯಾಯಿತು.

ಮಣ್ಣುಕೈ

ಅದು ಗೊಬ್ಬರದ ಉಪ್ಪಿರಬಹುದು. ಮೇಲೆ ಹಾಕಿದ ದ್ರವ ಗೊಬ್ಬರ ನೀರಿನ ಜೊತೆ ಕೆಳಗೆ ಬಂದು ಸೇರುತ್ತದೆ. ಬೇರು ಕೊಳೆತರೆ ಬುಡ ಮೆತ್ತಗಾಗಿ ಕೆಟ್ಟ ವಾಸನೆ ಬರುತ್ತದೆ. ಉಪ್ಪಾದರೆ ಬುಡ ಗಟ್ಟಿಯಾಗೇ ಇರುತ್ತದೆ, ಎಲೆ ಅಂಚು ಮಾತ್ರ ಸುಡುತ್ತದೆ. ಫೆಲ್ಟ್ ಮೇಲೆ ಬಿಳಿ ಪುಡಿ ಕಂಡರೆ ಅನುಮಾನ ಗಟ್ಟಿ. ತಿಂಗಳಿಗೊಮ್ಮೆ ಕೆಳಗಿನ ಸಾಲಿಗೆ ಬರೀ ನೀರು ಚೆನ್ನಾಗಿ ಹಾಯಿಸಿ, ಪೂರ್ತಿ ಸೋರಿ ಹೋಗಲಿ. ಗೊಬ್ಬರ ಅರ್ಧಕ್ಕಿಳಿಸಿ.

ಜರಿಗಿಡದ ಹುಚ್ಚು

ನಾನು ಪಾಕೆಟ್ಟಿಗೆ ಮಣ್ಣೇ ಹಾಕುವುದಿಲ್ಲ. ಚಿಕ್ಕ ಪ್ಲಾಸ್ಟಿಕ್ ಕುಂಡದ ಸಮೇತ ಗಿಡ ಇಡುತ್ತೇನೆ. ಬಾಡಿದರೆ ಕೆಳಗಿನ ಸಾಲಿಗೆ, ಕೊಳೆಯುವ ಹಾಗಿದ್ದರೆ ಮೇಲಿನ ಸಾಲಿಗೆ. ಹತ್ತು ಸೆಕೆಂಡಿನ ಕೆಲಸ.

ಹಸಿರು ಅಜ್ಜಿ

ಕುಂಡದೊಳಗೆ ಬೇರಿಗೆ ಜಾಗವೆಲ್ಲಿ? ನೇರ ನೆಟ್ಟರೆ ಬೇರು ಬಟ್ಟೆಯೊಳಗೂ ಹರಡುತ್ತದೆ, ತೇವ ಹೆಚ್ಚು ಹೊತ್ತು ನಿಲ್ಲುತ್ತದೆ.

ಜರಿಗಿಡದ ಹುಚ್ಚು

ಬಟ್ಟೆಯೊಳಗೆ ಹೊಕ್ಕ ಬೇರನ್ನು ಆಮೇಲೆ ಕೀಳುವುದು ಹೇಗೆ ಅಜ್ಜೀ? ನನ್ನ ಹಳೆ ಹಾಳೆ ಹರಿದದ್ದೇ ಹಾಗೆ.

ಕೇಳಿದವರು

ಸರಿ, ಮೇಲಿನ ಎರಡು ಸಾಲಿಗೆ ನೇರ ನೆಡುತ್ತೇನೆ, ಕೆಳಗಿನ ಎರಡಕ್ಕೆ ಕುಂಡ ಇಟ್ಟು ನೋಡುತ್ತೇನೆ. ಬೇರುಗಡ್ಡೆಗಳು ಈಗ ಬಕೆಟ್ಟಿನಲ್ಲಿವೆ, ಇನ್ನೂ ಗುಳ್ಳೆ ಬರುತ್ತಿದೆ. ಸುಟ್ಟ ಜರಿಗಿಡದಲ್ಲಿ ಒಂದಕ್ಕೆ ಬುಡದಲ್ಲಿ ಸುರುಳಿ ಚಿಗುರು ಕಾಣುತ್ತಿದೆ. ಅದು ನಾಲ್ಕನೇ ಸಾಲಿಗೆ.