ಮಕ್ಕಳ ಓದಿನ ಪ್ರಪೋಸಲ್: ಮೊತ್ತ ಸರಿ ಇದೆ, ಇನ್ನೇನು ನೋಡಬೇಕು?

ಕೇಳಿದವರು (ಕೋರಮಂಗಲ): ನಮ್ಮ ಕಂಪನಿಯಲ್ಲಿ ಸಮಾಜದ ಕೆಲಸಗಳಿಗೆ ಹಣ ಕೊಡುವ ಸಿಎಸ್‌ಆರ್ ತಂಡಕ್ಕೆ ಒಂದು ಸಂಸ್ಥೆ ಪ್ರಪೋಸಲ್ ಕೊಟ್ಟಿದೆ. ಆನೇಕಲ್ ತಾಲ್ಲೂಕಿನ 40 ಸರ್ಕಾರಿ ಶಾಲೆ, 3ರಿಂದ 5ನೇ ತರಗತಿಯ ಸುಮಾರು 2,400 ಮಕ್ಕಳು, ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. ಉದ್ದೇಶ ಮೂರು: ನೂರಕ್ಕೆ 70 ಮಕ್ಕಳು ಒಂದು ಪ್ಯಾರಾ ಕನ್ನಡವನ್ನು ತಡವರಿಸದೆ ಓದಬೇಕು, ಪ್ರತಿ ಶಾಲೆಯಲ್ಲೂ ವಾರಕ್ಕೊಮ್ಮೆ ಓದಿನ ತರಗತಿ ನಡೆಯಬೇಕು, ಮುಂದೆ ಶಿಕ್ಷಕರೇ ಅದನ್ನು ನಡೆಸಿಕೊಂಡು ಹೋಗಬೇಕು. ಬಜೆಟ್ ಹೀಗಿದೆ: 80 ಟ್ಯಾಬ್‌ಗೆ 11,20,000, ಪುಸ್ತಕಕ್ಕೆ 4,80,000, ನಾಲ್ವರು ಕಾರ್ಯಕರ್ತರ ಸಂಬಳ 8,64,000, ಶಿಕ್ಷಕರ ತರಬೇತಿ 1,20,000, ಓಡಾಟ 1,20,000, ಮಕ್ಕಳ ಓದಿನ ಪರೀಕ್ಷೆ 36,000, ಆಡಳಿತ 1,40,000. ಒಟ್ಟು 28,80,000. ಕೂಡಿ ನೋಡಿದೆ, ಸರಿ ಇದೆ. ನಾನು ಫೈನಾನ್ಸ್‌ನವಳು, ಶಾಲೆಯ ಕೆಲಸ ಗೊತ್ತಿಲ್ಲ. ಅನುಭವ ಇದ್ದವರು ಹೇಳ್ತೀರಾ?

ಆಡಿಟ್ ಕೆಲಸದವರು, ಮಲ್ಲೇಶ್ವರ: ಆಡಳಿತದ ಖರ್ಚು ಶೇಕಡಾ 5ರ ಒಳಗಿದೆ. ಸಿಎಸ್‌ಆರ್ ನಿಯಮದಲ್ಲಿ ಇರುವ ಮಿತಿಯೂ ಅದೇ. ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಆದರೆ ಸಂಬಳವೇ ಶೇಕಡಾ 30 ಆಯ್ತು, ಅದು ಜಾಸ್ತಿ. ಇಬ್ಬರು ಕಾರ್ಯಕರ್ತರು ಸಾಕು ಅಂತ ಬರೆಯಿರಿ. ಟ್ಯಾಬ್‌ಗೆ ಮೂರು ಕೊಟೇಶನ್ ಕೇಳಿ. ಒಂದಕ್ಕೆ 14,000 ಅಂದರೆ ಸ್ವಲ್ಪ ಇಳಿಸಬಹುದು.

ಹನ್ನೊಂದು ವರ್ಷ ಪ್ರಪೋಸಲ್ ಓದಿದವರು, ಬಸವನಗುಡಿ: ಕೊಟೇಶನ್ ಕೇಳಿ ಅಂದಿದ್ದು ಸರಿ, ಸರ್. ಆದರೆ ಆ 5% ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಆಡಳಿತ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ಬಜೆಟ್ಟಿಗೆ ಅಲ್ಲ. ಈ ತಪ್ಪು ತುಂಬಾ ಕಡೆ ನಡೆಯುತ್ತದೆ. ಅದರಿಂದ ಸಂಸ್ಥೆಗಳು ಬಾಡಿಗೆ, ಲೆಕ್ಕಿಗರ ಸಂಬಳ ಎಲ್ಲವನ್ನೂ ಬೇರೆ ಹೆಸರಿನಲ್ಲಿ ಅಡಗಿಸಿ ಬರೆಯುತ್ತವೆ. 1,40,000ದಲ್ಲಿ ವರ್ಷವಿಡೀ ಕಚೇರಿ ನಡೆಯುತ್ತದಾ ಅಂತ ನಾನಾದರೆ ಕೇಳುತ್ತೇನೆ.

ಮೇಡಂ, ನಾನು ಮಾಡುವುದು ಹೀಗೆ. ಬಜೆಟ್ ಹಾಳೆ ಪಕ್ಕಕ್ಕಿಟ್ಟು, ಮೂರು ಉದ್ದೇಶಗಳನ್ನು ಒಂದು ಹಾಳೆಯಲ್ಲಿ ದೂರ ದೂರ ಬರೆಯುತ್ತೇನೆ. ಆಮೇಲೆ ಬಜೆಟ್ಟಿನ ಒಂದೊಂದು ಸಾಲನ್ನೂ ತೆಗೆದು ಯಾವುದಾದರೂ ಉದ್ದೇಶದ ಕೆಳಗೆ ಇಡಲು ನೋಡುತ್ತೇನೆ. ನಿಮ್ಮ ಪಟ್ಟಿಯಲ್ಲಿ ಪುಸ್ತಕ, ಸಂಬಳ, ಓಡಾಟ ಸಲೀಸಾಗಿ ಕೂರುತ್ತವೆ. ಟ್ಯಾಬ್ ಮಾತ್ರ ಎಲ್ಲೂ ಕೂರುವುದಿಲ್ಲ. ಶಾಲೆಗೆ ಎರಡು ಟ್ಯಾಬ್, 60 ಮಕ್ಕಳು. ಅದನ್ನು ಯಾರು, ಯಾವ ಹೊತ್ತಿನಲ್ಲಿ ಬಳಸುತ್ತಾರೆ ಅಂತ ಕೆಲಸದ ವಿವರದಲ್ಲಿ ಒಂದು ಸಾಲಾದರೂ ಇದೆಯಾ ನೋಡಿ. ಇಲ್ಲದಿದ್ದರೆ ನೂರರಲ್ಲಿ 39 ರೂಪಾಯಿ ಉದ್ದೇಶವೇ ಇಲ್ಲದ ಕಡೆ ಹೋಗುತ್ತಿದೆ. ಬೆಲೆ ಇಳಿಸಿದರೆ ಆ ಪ್ರಶ್ನೆ ಹೋಗುವುದಿಲ್ಲ. ಮೂರನೇ ಉದ್ದೇಶದ್ದು ಇದರ ಉಲ್ಟಾ ಕಥೆ. ಶಿಕ್ಷಕರೇ ಮುಂದುವರಿಸಬೇಕು ಅನ್ನುವ ಅಷ್ಟು ದೊಡ್ಡ ಮಾತಿನ ಕೆಳಗೆ ಇರುವುದು 1,20,000ದ ತರಬೇತಿ ಒಂದೇ.

ಇನ್ನು ಪರೀಕ್ಷೆಯ 36,000. ನನ್ನ ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ. ಓದಿನ ಪರೀಕ್ಷೆಯನ್ನು ಇಡೀ ತರಗತಿಗೆ ಒಟ್ಟಿಗೆ ಮಾಡಲಾಗುವುದಿಲ್ಲ. ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು. ಹತ್ತು ನಿಮಿಷ ಅಂತ ಹಿಡಿಯಿರಿ. 2,400 ಮಕ್ಕಳಿಗೆ 400 ಗಂಟೆ. ಶುರುವಿಗೊಮ್ಮೆ, ಕೊನೆಗೊಮ್ಮೆ ಅಂದರೆ 800 ಗಂಟೆ. ದಿನಕ್ಕೆ ಐದು ಗಂಟೆಯಂತೆ ಒಬ್ಬರಿಗೆ 160 ದಿನದ ಕೆಲಸ. 36,000ವನ್ನು ಅಷ್ಟಕ್ಕೆ ಹಂಚಿದರೆ ದಿನಕ್ಕೆ 225 ರೂಪಾಯಿ. ಬೆಂಗಳೂರಿನಲ್ಲಿ ಯಾರು ಬರುತ್ತಾರೆ? ಅದೇ ಶಾಲೆಗೆ 15 ಮಕ್ಕಳನ್ನು ಮಾತ್ರ ಆರಿಸಿಕೊಂಡರೆ ಒಟ್ಟು 40 ದಿನ, ದಿನಕ್ಕೆ 900. ಇದು ಆಗುವ ಮಾತು. ಹಾಗಾಗಿ ಮೊತ್ತ ತಪ್ಪು ಅಂತ ಬರೆಯಬೇಡಿ. ಎಷ್ಟು ಮಕ್ಕಳನ್ನು ಓದಿಸಿ ನೋಡುತ್ತೀರಿ, ಯಾರು ನೋಡುತ್ತಾರೆ ಅಂತ ಕೇಳಿ. ಪಾಠ ಮಾಡಿದ ಕಾರ್ಯಕರ್ತರೇ ಅಂಕ ಹಾಕುವುದಾದರೆ ಆ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಇಬ್ಬರು ಕಾರ್ಯಕರ್ತರು ಸಾಕು ಅನ್ನುವುದನ್ನು ಮಾತ್ರ ದಯವಿಟ್ಟು ಬರೆಯಬೇಡಿ. ನಾಲ್ವರಿದ್ದರೆ ಒಬ್ಬರಿಗೆ 10 ಶಾಲೆ, ಅಂದರೆ ದಿನಕ್ಕೆ ಎರಡು. ಅದೇ ಬಿಗಿ. ಇಬ್ಬರಾದರೆ ದಿನಕ್ಕೆ ನಾಲ್ಕು ಶಾಲೆ. ಎರಡನೇ ಉದ್ದೇಶ ಅಲ್ಲಿಗೇ ಬಿತ್ತು.

ಒಬ್ಬರು, ರಾಜಾಜಿನಗರ: ಮೊದಲು ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಮಾಡಿಸಿಕೊಳ್ಳಿ. ಸಿಎಸ್‌ಆರ್-1 ನೋಂದಣಿ ಇಲ್ಲದಿದ್ದರೆ ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ. ನಮ್ಮ ಟ್ರಸ್ಟಿಗೆ ಅದಕ್ಕೇ ಒಂದು ವರ್ಷ ಹೋಯ್ತು.

ಕೇಳಿದವರು: ಸರ್, ನಾವು ಕೊಡುವ ಕಡೆಯವರು. ಆದರೂ ಆ ಸಂಸ್ಥೆಯ ಸಿಎಸ್‌ಆರ್-1 ನಂಬರ್ ನೋಡಿರಲಿಲ್ಲ, ಇವತ್ತೇ ನೋಡುತ್ತೇನೆ. ಬಸವನಗುಡಿ ಮೇಡಂ, ವೇಳಾಪಟ್ಟಿ ಬಗ್ಗೆ? ಮೊದಲ ತಿಂಗಳು ಮಕ್ಕಳ ಪರೀಕ್ಷೆ, ಎರಡನೇ ತಿಂಗಳಿಂದ ತರಗತಿ, ಹನ್ನೆರಡನೇ ತಿಂಗಳು ಮತ್ತೆ ಪರೀಕ್ಷೆ ಅಂತಿದೆ.

ಸಂಸ್ಥೆಯೊಂದರಲ್ಲಿ ಪ್ರಪೋಸಲ್ ಬರೆಯುವವರು, ಯಲಹಂಕ: ಇದಕ್ಕೆ ನಾನು ಹೇಳುತ್ತೇನೆ, ಯಾಕಂದರೆ ಇದೇ ತಪ್ಪು ನಾನು ಮಾಡಿದ್ದೇನೆ. ನಮಗೂ ಅಕ್ಟೋಬರ್‌ನಲ್ಲಿ ದುಡ್ಡು ಬಂತು. ದಸರಾ ರಜೆ ಮುಗಿಯುವವರೆಗೆ ಶಾಲೆಗೆ ಬೀಗ. ಕಾರ್ಯಕರ್ತರನ್ನು ಹುಡುಕುವುದಕ್ಕೆ ವೇಳಾಪಟ್ಟಿಯಲ್ಲಿ ಒಂದು ದಿನವನ್ನೂ ಬರೆದಿರಲಿಲ್ಲ. ಬಿಇಓ ಕಚೇರಿಯ ಅನುಮತಿ ಪತ್ರ ಬೇರೆ ಬೇಕಿತ್ತು. ಮೊದಲ ಪರೀಕ್ಷೆ ಮುಗಿಯುವಾಗ ಡಿಸೆಂಬರ್. ಮಾರ್ಚ್ ಬಂದರೆ ಶಾಲೆಯ ಪರೀಕ್ಷೆ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಬೇಸಿಗೆ ರಜೆ.

ಅದಕ್ಕಿಂತ ದೊಡ್ಡ ಪೆಟ್ಟು ಜೂನ್‌ನಲ್ಲಿ ಬಿತ್ತು. ನಾವು ಪರೀಕ್ಷೆ ಮಾಡಿದ್ದ ಐದನೇ ತರಗತಿಯ ಮಕ್ಕಳು ಆರಕ್ಕೆ ಹೋದರು. ಐದನೇ ತರಗತಿವರೆಗೆ ಮಾತ್ರ ಇರುವ ಶಾಲೆಗಳಿಂದ ಆ ಮಕ್ಕಳು ಬೇರೆ ಶಾಲೆಗೇ ಹೋದರು. ಮೂರಕ್ಕೆ ಹೊಸ ಮಕ್ಕಳು ಬಂದರು. ಸೆಪ್ಟೆಂಬರ್‌ನಲ್ಲಿ ನಾವು ಓದಿಸಿದ್ದು ಬೇರೆಯದೇ ಗುಂಪನ್ನು. ಒಂದು ಮಗುವಿನ ಹಿಂದಿನ ಓದಿನ ಪಕ್ಕದಲ್ಲಿ ಅದೇ ಮಗುವಿನ ಈಗಿನ ಓದನ್ನು ಇಡಲು ಆಗಲಿಲ್ಲ. ವರದಿ ಬರೆದೆ, ಆದರೆ ಮಕ್ಕಳು ಕಲಿತರಾ ಅಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನೋವು ಇನ್ನೂ ಇದೆ. ನಿಮ್ಮ ಪ್ರಪೋಸಲ್ಲೂ ಅದೇ ತಿಂಗಳುಗಳಲ್ಲಿ ನಿಂತಿದೆ. ಸಾಧ್ಯವಾದರೆ ಜೂನ್‌ನಿಂದ ಮಾರ್ಚ್ ಮಾಡಲು ಹೇಳಿ.

ಟ್ಯಾಬ್ ಬಗ್ಗೆ ಒಂದು ಮಾತು. ಬಹಳ ಸಲ ಅದನ್ನು ಸಂಸ್ಥೆ ಬಯಸಿ ಹಾಕುವುದಲ್ಲ. ನಮಗೆ ಹಿಂದೆ ಹಣ ಕೊಟ್ಟವರೊಬ್ಬರು ಸಂಬಳ ಕಡಿತ ಮಾಡಿ, ಫೋಟೋದಲ್ಲಿ ಕಾಣುವಂಥದ್ದು ಏನಾದರೂ ಹಾಕಿ ಅಂದಿದ್ದರು. ಅದಕ್ಕೇ ತಿರಸ್ಕರಿಸುವ ಮುಂಚೆ ಒಂದು ಸಲ ಫೋನ್ ಮಾಡಿ ಕೇಳಿ.

ಸರ್ಕಾರಿ ಶಾಲೆಯ ಶಿಕ್ಷಕಿ, ಜಿಗಣಿ ಕಡೆ: ಟ್ಯಾಬ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಮನೆಮಾತು ಕನ್ನಡ ಅಲ್ಲದ ಮಕ್ಕಳು ಜಾಸ್ತಿ. ಕಥೆಯನ್ನು ಕೇಳಿಸಿಕೊಳ್ಳುತ್ತಾ ಪುಸ್ತಕದಲ್ಲಿ ಬೆರಳಿಟ್ಟು ಓದಿದರೆ ಅವರಿಗೆ ಬೇಗ ಹತ್ತುತ್ತದೆ. ಆದರೆ ಚಾರ್ಜ್ ಮಾಡುವುದು, ಬೀರುವಿನಲ್ಲಿಟ್ಟು ಕಾಯುವುದು ನಮ್ಮ ತಲೆಗೇ ಬರುತ್ತದೆ. ಕಳೆದುಹೋದರೆ ಯಾರು ಹೊಣೆ ಅಂತ ಬರೆಸಿಕೊಳ್ಳಿ. ತರಬೇತಿಯನ್ನು ಮಾತ್ರ ಫೆಬ್ರವರಿ, ಮಾರ್ಚ್‌ನಲ್ಲಿ ಇಡಬೇಡಿ ಅನ್ನಿ.

ಬಸವನಗುಡಿ: ಶಿಕ್ಷಕಿ ಮೇಡಂ ಹೇಳಿದ ಬಳಕೆ ಪ್ರಪೋಸಲ್‌ನಲ್ಲಿ ಬರೆದಿದ್ದರೆ ನಾನು ಟ್ಯಾಬ್ ಒಪ್ಪುತ್ತಿದ್ದೆ. ಆದರೂ ಮೊದಲ ವರ್ಷ 40 ಶಾಲೆಗೂ ಬೇಕಾ ಅನ್ನುವ ಅನುಮಾನ ಉಳಿಯುತ್ತದೆ. ಇನ್ನೊಂದು ಕೇಳಿ: 70 ಅನ್ನುವ ಸಂಖ್ಯೆ ಎಲ್ಲಿಂದ ಬಂತು? ಈಗ ಎಷ್ಟು ಮಕ್ಕಳು ಓದುತ್ತಾರೆ ಅಂತ ನೋಡುವ ಮುಂಚೆಯೇ ಅದನ್ನು ಬರೆದಿದ್ದಾರೆ ಅಲ್ವಾ?

ಕೇಳಿದವರು: ಮಧ್ಯಾಹ್ನ ಫೋನ್ ಮಾಡಿದ್ದೆ. ಟ್ಯಾಬ್ ಸೇರಿಸಿದ್ದು ನಮ್ಮ ಹಳೆಯ ಅರ್ಜಿ ಫಾರ್ಮಿನಲ್ಲಿ "ತಂತ್ರಜ್ಞಾನ" ಅನ್ನುವ ಕಾಲಂ ಇದ್ದದ್ದಕ್ಕೆ ಅಂದರು. ಪರೀಕ್ಷೆ ಶಾಲೆಗೆ 15 ಮಕ್ಕಳಿಗೇ ಅಂತೆ, ಆದರೆ ಅಂಕ ಹಾಕುವುದು ಕಾರ್ಯಕರ್ತರೇ. ಹೊರಗಿನವರಿಂದ ಮಾಡಿಸಲು ಎಷ್ಟಾಗುತ್ತದೆ ಅಂತ ಹೊಸ ಲೆಕ್ಕ ಕೇಳಿದ್ದೇನೆ. ಜೂನ್‌ಗೆ ಮುಂದೂಡಲು ಅವರು ಸಿದ್ಧ. ನಮ್ಮವರು ಈ ವರ್ಷದ ಹಣ ಮಾರ್ಚ್ ಒಳಗೆ ಖರ್ಚಾಗಬೇಕು ಅನ್ನುತ್ತಿದ್ದಾರೆ. ಗುರುವಾರದ ಮೀಟಿಂಗ್‌ಗೆ ಯಲಹಂಕದವರು ಹೇಳಿದ ಜೂನ್ ಕಥೆಯನ್ನು ಪ್ರಿಂಟ್ ಮಾಡಿಕೊಂಡು ಹೋಗುತ್ತಿದ್ದೇನೆ.