ಸಹಾಯ ಬೇಕು: ಆಯುಧಪೂಜೆಗೆ ಕ್ಯೂಬಿಕಲ್‌ನಲ್ಲಿ ಹೂಮಾಲೆ ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಆಯುಧಪೂಜೆಗೆ ಅವರವರ ಮೇಜನ್ನು ಅಲಂಕರಿಸಲು ಅನುಮತಿಯಿದೆ. ಆದರೆ ದೀಪ, ಊದುಬತ್ತಿ ಹಚ್ಚುವಂತಿಲ್ಲ, ಬಟ್ಟೆ ಹೊದಿಸಿದ ಪಾರ್ಟಿಷನ್‌ಗೆ ಪಿನ್ನಾಗಲಿ ಟೇಪಾಗಲಿ ಬಳಸುವಂತಿಲ್ಲ, ಚಾವಣಿಯ ಸ್ಪ್ರಿಂಕ್ಲರ್‌ಗೆ ಏನನ್ನೂ ಕಟ್ಟುವಂತಿಲ್ಲ. ಕುಂಕುಮದ ಪುಡಿ ಕೀಬೋರ್ಡಿನ ಸಂದಿಗೆ ಇಳಿಯಬಾರದೆಂದು ಅದನ್ನು ಸಣ್ಣ ಬಟ್ಟಲಿನಲ್ಲಿಟ್ಟು, ರಂಗೋಲಿಯನ್ನು ರಟ್ಟಿನ ಮೇಲೆ ಬಿಡಿಸಿಕೊಳ್ಳುತ್ತೇನೆ.

ತೊಡಕಿರುವುದು ಚೆಂಡುಹೂವಿನ ಮಾಲೆಯದು. ಕಳೆದ ವರ್ಷ ಬೈಂಡರ್ ಕ್ಲಿಪ್ ಹಾಕಿ ನೋಡಿದೆ. ಪಾರ್ಟಿಷನ್ ಎರಡು ಇಂಚು ದಪ್ಪವಿರುವುದರಿಂದ ಅದು ಹಿಡಿಯದೆ ಜಾರಿತು. ದಾರದಿಂದ ಬಿಗಿದಾಗ ನಾಲ್ಕು ಅಡಿಯ ಮಾಲೆ ನಡುವೆ ಜೋತುಬಿದ್ದು, ಹೂವು ಬಾಡದಿರಲೆಂದು ಚಿಮುಕಿಸಿದ್ದ ನೀರು ಪ್ಲಗ್ಗಿನ ಪಕ್ಕದಲ್ಲೇ ತೊಟ್ಟಿಕ್ಕಿತು. ಕಾಗದದ ಹೂವಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಪಾರ್ಟಿಷನ್‌ಗೆ ಗುರುತು ಬೀಳದಂತೆ, ಒಂದು ದಿನದ ಮಟ್ಟಿಗೆ ನಿಜವಾದ ಹೂಮಾಲೆಯನ್ನು ಜೋತುಬೀಳದ ಹಾಗೆ ತೂಗುಹಾಕಲು ಯಾವ ಕೊಕ್ಕೆ ಅಥವಾ ವಿಧಾನ ಸೂಕ್ತವೆಂದು ಹೀಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸುವಿರಾ?