ಸಹಾಯ ಬೇಕು: ಸ್ವಲ್ಪ ಗೆಫಿಟಿನಿಬ್ ಯಾರ ಲ್ಯಾಬಿನಲ್ಲಾದರೂ ಇದೆಯೇ? (ಮೈಸೂರು/ಮಂಡ್ಯ)

ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡ್ತಿದ್ದೀನಿ.

ಕೋಶದ ಮೇಲಿನ ಇಜಿಎಫ್‌ಆರ್ ಗ್ರಾಹಕಕ್ಕೆ ಬಂದ ಸಂದೇಶ ರಾಸ್, ರಾಫ್, ಮೆಕ್ ದಾಟಿ ಇಆರ್‌ಕೆಗೆ ಮುಟ್ಟುತ್ತದೆ, ಕೋಶ ವಿಭಜನೆಯಾಗುತ್ತದೆ. ರಾಫ್‌ನ ಒಂದು ಬಗೆಯಾದ ಬಿರಾಫ್‌ನಲ್ಲಿ ವಿ600ಇ ರೂಪಾಂತರವಾದರೆ ಮೇಲಿನಿಂದ ಅಪ್ಪಣೆಯೇ ಬೇಕಿಲ್ಲ, ಇಆರ್‌ಕೆ ಸದಾ ಚಾಲೂ. ನನ್ನ ಎರಡೂ ಕೋಶಗಳಲ್ಲಿ ಈ ರೂಪಾಂತರವಿದೆ: ಚರ್ಮದ ಮೆಲನೋಮದ ಎ375, ದೊಡ್ಡಕರುಳಿನ ಕ್ಯಾನ್ಸರ್‌ನ ಎಚ್‌ಟಿ-29. ಎರಡಕ್ಕೂ ಬಿರಾಫ್ ತಡೆಯುವ ವೆಮುರಾಫೆನಿಬ್ ಹಾಕಿದೆ. 1 ಗಂಟೆಗೆ ಎರಡರಲ್ಲೂ ಫಾಸ್ಫೋ-ಇಆರ್‌ಕೆ, ಅಂದರೆ ಚಾಲೂ ಇರುವ ಇಆರ್‌ಕೆಯ ಬ್ಯಾಂಡ್ ಮಾಯ. 24 ಗಂಟೆಗೆ ಎ375ರಲ್ಲಿ ಹಾಗೇ ಇದೆ, ಎಚ್‌ಟಿ-29ರಲ್ಲಿ ಮಾತ್ರ ಬ್ಯಾಂಡ್ ವಾಪಸ್! ಒಟ್ಟು ಇಆರ್‌ಕೆ ಎಲ್ಲ ಲೇನಿನಲ್ಲೂ ಸಮ.

ಔಷಧಿ ಹಾಳಾಗಿದೆ ಅಂತಾರೆ ನಮ್ಮ ಸೀನಿಯರ್. ಹಾಗಾದರೆ ಎ375ರಲ್ಲೂ ಬ್ಯಾಂಡ್ ಬರಬೇಕಿತ್ತಲ್ವಾ? ಆದರೂ ಕರುಳಿನ ಕೋಶವೇ ಅದನ್ನು ಕರಗಿಸಿಕೊಂಡಿರಬಹುದು, ಹಾಗಾಗಿ 23ನೇ ಗಂಟೆಗೆ ಹೊಸ ಔಷಧಿ ಹಾಕಿ ನೋಡ್ತೀನಿ. ನನ್ನ ಅನುಮಾನ ಬೇರೆ. ಇಆರ್‌ಕೆ ಚುರುಕಾಗಿದ್ದಾಗ ಇಜಿಎಫ್‌ಆರ್ ಅನ್ನು ಅದುಮಿಡುತ್ತದೆ. ಇಆರ್‌ಕೆ ಬಿದ್ದಾಗ ಆ ಹಿಡಿತ ತಪ್ಪಿ, ಗ್ರಾಹಕ ರಾಸ್ ಮೂಲಕ ರಾಫ್ ಜೋಡಿಗಳನ್ನು ಎಬ್ಬಿಸುತ್ತದೆ. ಜೋಡಿಯಾದ ರಾಫ್ ಮೇಲೆ ವೆಮುರಾಫೆನಿಬ್ ಅಷ್ಟಾಗಿ ನಾಟುವುದಿಲ್ಲ. ಮೆಲನೋಮ ಕೋಶದಲ್ಲಿ ಇಜಿಎಫ್‌ಆರ್ ಕಡಿಮೆ, ಆದ್ದರಿಂದ ಅಲ್ಲಿ ಈ ತೊಂದರೆ ಅಷ್ಟಿಲ್ಲ. ಕರುಳಿನ ಈ ಕ್ಯಾನ್ಸರ್‌ಗೆ ವೈದ್ಯರು ಬಿರಾಫ್ ತಡೆಯುವ ಔಷಧಿಯ ಜೊತೆ ಇಜಿಎಫ್‌ಆರ್ ತಡೆಯುವ ಸೆಟುಕ್ಸಿಮ್ಯಾಬ್ ಸೇರಿಸಿ ಕೊಡುವುದೂ ಇದಕ್ಕೇ.

ಇದನ್ನು ಪರೀಕ್ಷಿಸಲು ಇಜಿಎಫ್‌ಆರ್ ತಡೆಯುವ ಗೆಫಿಟಿನಿಬ್ ಒಂದೆರಡು ಮಿಲಿಗ್ರಾಂ, ಫಾಸ್ಫೋ-ಇಜಿಎಫ್‌ಆರ್ ಆಂಟಿಬಾಡಿ ಕೆಲವು ಮೈಕ್ರೋಲೀಟರ್ ಬೇಕು. ಎರಡೂ ಔಷಧಿ ಒಟ್ಟಿಗೆ ಹಾಕಿದಾಗ 24 ಗಂಟೆಗೂ ಬ್ಯಾಂಡ್ ಬರದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗೆಫಿಟಿನಿಬ್ ಒಂದೇ ಹಾಕಿದ ಲೇನ್ ಕೂಡ ಇಡ್ತೀನಿ. ಬೇರೆ ಕಂಟ್ರೋಲ್ ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ. ಐಸ್ ಡಬ್ಬಿ ಹಿಡ್ಕೊಂಡು ಮಂಡ್ಯಕ್ಕೆ ನಾನೇ ಬರ್ತೀನಿ.